ಪ್ರಾಸ್ಪೆಕ್ಟಸ್‌ನಲ್ಲಿ ಬರೆದದ್ದು ಸುಳ್ಳಾದರೆ ಯಾರು ಹೊಣೆ? ಐಪಿಒಗೆ ಹಣ ಹಾಕುವವರಿಗೆ ಒಂದು ಮಾರ್ಗದರ್ಶಿ

ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಕಾಫಿ ಮಾರಿದ ಹಣ ಬ್ಯಾಂಕಿಗೆ ಬರುವ ಹೊತ್ತಿಗೆ ಫೋನ್‌ಗಳೂ ಜಾಸ್ತಿಯಾಗುತ್ತವೆ. "ಒಳ್ಳೆ ಐಪಿಒ ಇದೆ ಸಾರ್, ಎಸ್‌ಎಂಇ, ಲಿಸ್ಟಿಂಗ್ ದಿನವೇ ಡಬಲ್" ಎನ್ನುವ ಮಾತು ಈಗ ತೋಟದ ಮನೆಗಳಿಗೂ ಬಂದಿದೆ. ಐಪಿಒ ಅಥವಾ ಇಶ್ಯೂ ಎಂದರೆ ಕಂಪನಿಯೊಂದು ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು. ಎಸ್‌ಎಂಇ ಎಂದರೆ ಸಣ್ಣ, ಮಧ್ಯಮ ಕಂಪನಿ. ಲಿಸ್ಟಿಂಗ್ ಎಂದರೆ ಆ ಷೇರು ಮಾರುಕಟ್ಟೆಯಲ್ಲಿ ಕೊಳ್ಳಲು, ಮಾರಲು ಬರುವುದು. ಹಾಸನದಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಹತ್ತಿರ ಜನ ಬರುವುದು ಸಾಮಾನ್ಯವಾಗಿ ಹಣ ಹಾಕಿದ ಮೇಲೆ. ಷೇರು ಮಾರುವ ಮೊದಲು ಕಂಪನಿ ತನ್ನ ವಿವರವೆಲ್ಲ ಬರೆದು ಹೊರಡಿಸುವ ಪ್ರಾಸ್ಪೆಕ್ಟಸ್ ಓದಿದಿರಾ ಎಂದು ಕೇಳಿದರೆ, "ಮುನ್ನೂರು ಪುಟ ಇಂಗ್ಲಿಷ್ ಯಾರು ಓದ್ತಾರೆ ಸಾರ್" ಎನ್ನುತ್ತಾರೆ.

ಮುನ್ನೂರು ಪುಟ ಓದಬೇಕಾಗಿಲ್ಲ. ಒಂದು ಅಧ್ಯಾಯವನ್ನು ಸರಿಯಾಗಿ ಓದಿದರೆ ಅರ್ಧ ಕೆಲಸ ಆಯಿತು. ನಿಮ್ಮ ಹಣವನ್ನು ಕಂಪನಿ ಯಾವುದಕ್ಕೆ ಖರ್ಚು ಮಾಡುತ್ತದೆ ಎಂದು ಹೇಳುವ ಅಧ್ಯಾಯ ಅದು. ಕಂಪನಿ ನಮ್ಮ ಊರಿನ ಸುತ್ತಮುತ್ತಲಿನದಾದರೆ ಅಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ನೋಡಲು ಮುಂಬೈಯಲ್ಲಿ ಕೂತವರಿಗಿಂತ ನಮಗೇ ಸುಲಭ. ಆದರೆ ಆ ಕೆಲಸವನ್ನು ಇಶ್ಯೂ ಮುಗಿಯುವ ಮೊದಲೇ ಮಾಡಬೇಕು. ಸುಳ್ಳು ಬರೆದವರನ್ನು ಹಿಡಿಯಲು ಕಾನೂನಿನಲ್ಲಿ ದಾರಿ ಇದೆ, ಆದರೆ ಆ ದಾರಿ ಉದ್ದ. ಅಲ್ಲಿ ಬೇಕಾಗುವ ಸಾಕ್ಷಿಯನ್ನು ಅರ್ಜಿ ಹಾಕುವ ದಿನವೇ ಜೋಡಿಸಿಟ್ಟುಕೊಳ್ಳಬೇಕು.

ಮೊದಲು ನೋಡಬೇಕಾದ್ದು: ಪ್ರಾಸ್ಪೆಕ್ಟಸ್ ಇದೆಯಾ?

ಷೇರು ಮಾರುವವರು ಪ್ರಾಸ್ಪೆಕ್ಟಸ್ ತೋರಿಸದೆ, "ಇದು ಪ್ರೀ-ಐಪಿಒ, ಒಳಗಿನವರಿಗೆ ಮಾತ್ರ" ಎಂದರೆ ಅಲ್ಲೇ ನಿಲ್ಲಿ. 2013ರ ಕಂಪನಿ ಕಾಯ್ದೆಯ 42ನೇ ಕಲಂ ಪ್ರಕಾರ ಖಾಸಗಿಯಾಗಿ ಷೇರು ಕೊಡುವ ಕಂಪನಿ ಮೊದಲೇ ಗುರುತಿಸಿದ ವ್ಯಕ್ತಿಗಳಿಗೆ ಮಾತ್ರ ಕೊಡಬೇಕು. ಒಂದು ಹಣಕಾಸು ವರ್ಷದಲ್ಲಿ ಅಂಥವರು 200 ಮಂದಿಗಿಂತ ಹೆಚ್ಚಿರಬಾರದು. ಬ್ಯಾಂಕು, ಮ್ಯೂಚುವಲ್ ಫಂಡಿನಂಥ ಸಂಸ್ಥೆಗಳು ಮತ್ತು ಷೇರು ಯೋಜನೆಯಲ್ಲಿ ಷೇರು ಪಡೆಯುವ ನೌಕರರು ಈ ಲೆಕ್ಕಕ್ಕೆ ಬರುವುದಿಲ್ಲ. ಜಾಹೀರಾತು ಕೊಡುವಂತಿಲ್ಲ, ಏಜೆಂಟರನ್ನು ಬಿಟ್ಟು ಜನರನ್ನು ಸೇರಿಸುವಂತಿಲ್ಲ. ಕಲ್ಯಾಣ ಮಂಟಪದಲ್ಲಿ ಸಭೆ ಕರೆದು, ಊಟ ಹಾಕಿಸಿ, ರೆಸಾರ್ಟ್ ಕಂಪನಿಯ ಷೇರು ಹಂಚಿದರೆ ಅದು ಖಾಸಗಿ ವ್ಯವಹಾರವಾಗಿ ಉಳಿಯುವುದಿಲ್ಲ. ಕಾನೂನಿನ ಕಣ್ಣಿಗೆ ಅದು ಸಾರ್ವಜನಿಕ ಕೊಡುಗೆಯೇ.

ಸಹಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಆಗಸ್ಟ್ 31ರಂದು ಹೇಳಿದ್ದು ಇದನ್ನೇ. ಆಗಿನ ಕಾನೂನಿನಲ್ಲಿ ಮಿತಿ 50 ಜನ. ಅಷ್ಟು ಜನರಿಗೆ ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ಮಾರಿದ ಮೇಲೆ "ಖಾಸಗಿ" ಎಂದು ಹೆಸರಿಟ್ಟು ತಪ್ಪಿಸಿಕೊಳ್ಳಲು ಆಗುವುದಿಲ್ಲ ಎಂದು ಕೋರ್ಟ್ ಹೇಳಿ, ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡಲು ಆದೇಶಿಸಿತು. ಪ್ರಾಸ್ಪೆಕ್ಟಸ್ ಇಲ್ಲದ ಕಡೆ ನೀವು ಹಿಡಿದು ಕೇಳಬಹುದಾದ ಬರಹವೇ ಇರುವುದಿಲ್ಲ. ಹಾಗಾಗಿ ಮುಂದಿನ ಮಾತೆಲ್ಲ ಪ್ರಾಸ್ಪೆಕ್ಟಸ್ ಇರುವ ಇಶ್ಯೂಗಳ ಬಗ್ಗೆ.

ಯಾವ ಕಾಗದ ಓದಬೇಕು, ಎಲ್ಲಿ ಸಿಗುತ್ತದೆ

ಒಂದೇ ಇಶ್ಯೂಗೆ ಮೂರು ದಾಖಲೆಗಳು ಬರುತ್ತವೆ. ಮೊದಲು ಕರಡು, ಅದನ್ನು ಡಿಆರ್‌ಎಚ್‌ಪಿ ಎನ್ನುತ್ತಾರೆ. ಆಮೇಲೆ ಆರ್‌ಎಚ್‌ಪಿ. ಅದರಲ್ಲಿ ಷೇರಿನ ಅಂತಿಮ ಬೆಲೆ ಒಂದನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲವೂ ಇರುತ್ತದೆ. ಇಶ್ಯೂ ತೆರೆಯುವ ಕನಿಷ್ಠ ಮೂರು ದಿನ ಮೊದಲು ಅದನ್ನು ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಬೆಲೆ ನಿಗದಿಯಾದ ಮೇಲೆ ಅಂತಿಮ ಪ್ರಾಸ್ಪೆಕ್ಟಸ್ ಬರುತ್ತದೆ. ನೀವು ಅರ್ಜಿ ಹಾಕುವುದು ಆರ್‌ಎಚ್‌ಪಿ ನೋಡಿ. ಆದ್ದರಿಂದ ಓದಬೇಕಾದ್ದೂ, ಉಳಿಸಿಕೊಳ್ಳಬೇಕಾದ್ದೂ ಅದನ್ನೇ. ಷೇರು ವಿನಿಮಯ ಕೇಂದ್ರದ ವೆಬ್‌ಸೈಟ್, ಕಂಪನಿಯ ಪರವಾಗಿ ಇಶ್ಯೂ ನಡೆಸಿಕೊಡುವ ಮರ್ಚೆಂಟ್ ಬ್ಯಾಂಕರ್ ವೆಬ್‌ಸೈಟ್, ಕಂಪನಿಯ ವೆಬ್‌ಸೈಟ್ ಮೂರರಲ್ಲೂ ಹಣ ಕೊಡದೆ ಸಿಗುತ್ತದೆ.

ಕರಡನ್ನೂ ಕಡೆಗಣಿಸಬೇಡಿ. ಅದನ್ನು ಕನಿಷ್ಠ 21 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಬೇಕು. 2025ರ ತಿದ್ದುಪಡಿಯ ನಂತರ ಎಸ್‌ಎಂಇ ಇಶ್ಯೂಗಳಿಗೂ ಈ ನಿಯಮ ಬಂದಿದೆ. "ಇವರು ಕಾರ್ಖಾನೆ ಕಟ್ಟುತ್ತೇವೆ ಎಂದು ತೋರಿಸಿರುವ ಸರ್ವೆ ನಂಬರಿನ ಜಾಗ ವ್ಯಾಜ್ಯದಲ್ಲಿದೆ" ಎಂದು ಹಾಸನದ ಒಬ್ಬ ರೈತರು ಮರ್ಚೆಂಟ್ ಬ್ಯಾಂಕರ್‌ಗೆ ಒಂದು ಇಮೇಲ್ ಕಳಿಸಿದರೆ ಸಾಕು. ಆಮೇಲೆ "ನಮಗೆ ಗೊತ್ತಿರಲಿಲ್ಲ" ಎನ್ನುವ ನೆಪ ಅವರ ಕೈ ತಪ್ಪುತ್ತದೆ. ಇಂಥ ಪತ್ರಕ್ಕೆ ವಕೀಲರು ಬೇಡ, ಷೇರು ಕೊಂಡಿರಬೇಕೆಂದೂ ಇಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. "ಸೆಬಿ ಓಕೆ ಮಾಡಿದೆಯಲ್ಲ" ಎಂದು ಜನ ಕೇಳುತ್ತಾರೆ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಯಾವ ಇಶ್ಯೂವನ್ನೂ ಒಳ್ಳೆಯದು ಎಂದು ಒಪ್ಪುವುದಿಲ್ಲ. ಕೊಡಬೇಕಾದ ಮಾಹಿತಿ ಕೊಟ್ಟಿದ್ದಾರಾ ಎಂದು ನೋಡುತ್ತದೆ, ಅಷ್ಟೇ. ಇದನ್ನು ಆ ದಾಖಲೆಯಲ್ಲೇ ಸ್ಪಷ್ಟವಾಗಿ ಬರೆದಿರುತ್ತಾರೆ. ಎಸ್‌ಎಂಇ ಇಶ್ಯೂಗಳಲ್ಲಂತೂ ಕರಡನ್ನು ಪರಿಶೀಲಿಸುವುದು ಷೇರು ವಿನಿಮಯ ಕೇಂದ್ರ. ಅದರ ಮೇಲೆ ಸೆಬಿ ತನ್ನ ಟಿಪ್ಪಣಿ ಕೊಡುವ ಕ್ರಮ ಇಲ್ಲ.

ಹಣದ ಅಧ್ಯಾಯ ಓದುವ ಬಗೆ

ಪಿಡಿಎಫ್ ತೆರೆದು `Objects of the Issue` ಎಂದು ಹುಡುಕಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ಕಲ್ಪಿತ ಕಂಪನಿ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡುವ ಘಟಕ. ಎಸ್‌ಎಂಇ ಇಶ್ಯೂನಲ್ಲಿ 40 ಕೋಟಿ ರೂಪಾಯಿ ಎತ್ತುತ್ತದೆ. ಖರ್ಚಿನ ಪಟ್ಟಿ ಹೀಗಿದೆ: ಹೊಸ ಯಂತ್ರಗಳಿಗೆ 18 ಕೋಟಿ, ದಿನನಿತ್ಯದ ವ್ಯವಹಾರಕ್ಕೆ ಬೇಕಾಗುವ ದುಡಿಯುವ ಬಂಡವಾಳಕ್ಕೆ 12 ಕೋಟಿ, ಬ್ಯಾಂಕ್ ಸಾಲ ತೀರಿಸಲು 5 ಕೋಟಿ, "ಸಾಮಾನ್ಯ ಉದ್ದೇಶ"ಗಳಿಗೆ 5 ಕೋಟಿ.

ಕೊನೆಯ ಸಾಲಿನಿಂದ ಶುರು ಮಾಡಿ, ಅದು ಬೇಗ ಮುಗಿಯುತ್ತದೆ. ಸಾಮಾನ್ಯ ಉದ್ದೇಶ ಎಂದರೆ ಇಂಥದ್ದಕ್ಕೇ ಎಂದು ಹೇಳದ ಹಣ. ಎಸ್‌ಎಂಇ ಇಶ್ಯೂನಲ್ಲಿ ಇದು ಎತ್ತುವ ಮೊತ್ತದ ಶೇ. 15 ಅಥವಾ 10 ಕೋಟಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. 40 ಕೋಟಿಯ ಶೇ. 15 ಎಂದರೆ 6 ಕೋಟಿ. 5 ಕೋಟಿ ಇದೆ, ಸರಿ.

ಸಾಲದ ಸಾಲು ನೋಡಿ. ಯಾವ ಬ್ಯಾಂಕು, ಯಾವ ಸಾಲ, ಎಷ್ಟು ಬಾಕಿ ಎಂದು ಪಟ್ಟಿ ಇರಬೇಕು. ಕಂಪನಿ ಕಟ್ಟಿ ಹಿಡಿತದಲ್ಲಿಟ್ಟುಕೊಂಡಿರುವ ಪ್ರವರ್ತಕರಿಂದಲೋ ಅವರ ಬಂಧುಗಳ ಕಂಪನಿಯಿಂದಲೋ ತಂದ ಸಾಲವನ್ನು ಎಸ್‌ಎಂಇ ಐಪಿಒ ಹಣದಲ್ಲಿ ತೀರಿಸಲು ಈಗ ಅವಕಾಶ ಇಲ್ಲ. ನೇರವಾಗಿಯೂ ಇಲ್ಲ, ಸುತ್ತುಬಳಸಿಯೂ ಇಲ್ಲ. ಆದ್ದರಿಂದ ಆ ಬ್ಯಾಂಕ್ ಸಾಲವನ್ನು ಯಾವುದಕ್ಕೆ ತಂದಿದ್ದರು ಎಂಬ ಕಾಲಂ ಓದಿ. ಬ್ಯಾಂಕಿನಿಂದ ತಂದ ಸಾಲದಲ್ಲಿ ಪ್ರವರ್ತಕರ ಬಾಕಿ ತೀರಿಸಿ, ಈಗ ನಿಮ್ಮ ಹಣದಲ್ಲಿ ಆ ಬ್ಯಾಂಕ್ ಸಾಲ ತೀರಿಸುತ್ತಿದ್ದರೆ ಅದೇ ಸುತ್ತುಬಳಸಿದ ದಾರಿ.

ದುಡಿಯುವ ಬಂಡವಾಳದಲ್ಲಿ ಒಂದು ಕೋಷ್ಟಕ ಮುಖ್ಯ. ಸರಕು ಎಷ್ಟು ದಿನ ಗೋದಾಮಿನಲ್ಲಿ ಉಳಿಯುತ್ತದೆ, ಗಿರಾಕಿಗಳಿಂದ ಹಣ ಎಷ್ಟು ದಿನಕ್ಕೆ ಬರುತ್ತದೆ ಎಂದು ವರ್ಷವಾರು ಕೊಟ್ಟಿರುತ್ತಾರೆ. ಹಿಂದಿನ ವರ್ಷಗಳಲ್ಲಿ ಸರಕು 60 ದಿನ ಇದ್ದದ್ದು, ಮುಂದಿನ ವರ್ಷಕ್ಕೆ 110 ದಿನ ಎಂದು ಬರೆದಿದ್ದರೆ ಕಾರಣ ಹುಡುಕಿ. ಕಾಫಿ ವ್ಯವಹಾರದಲ್ಲಿ ಒಳ್ಳೆಯ ಕಾರಣ ಇರಬಹುದು. ಕೊಯ್ಲಿನ ಕಾಲದಲ್ಲಿ ಪಾರ್ಚ್‌ಮೆಂಟ್, ಚೆರ್ರಿ ಕೊಂಡು ವರ್ಷಪೂರ್ತಿಗೆ ಇಟ್ಟುಕೊಳ್ಳುವ ಕಂಪನಿಗೆ ಸರಕಿನ ದಿನಗಳು ಹೆಚ್ಚೇ ಆಗುತ್ತವೆ. ಆದರೆ ಆ ಕಾರಣ ಅಲ್ಲಿ ಬರೆದಿರಬೇಕು. ಬರೆಯದೆ ದಿನಗಳನ್ನು ಮಾತ್ರ ಏರಿಸಿದ್ದರೆ, ಬೇಕಾದ ಮೊತ್ತ ಬರುವಂತೆ ಲೆಕ್ಕ ಹೊಂದಿಸಿರಬಹುದು ಎಂದು ಅನುಮಾನ ಪಡಬೇಕಾಗುತ್ತದೆ.

ಈಗ ದೊಡ್ಡ ಸಾಲು, ಯಂತ್ರದ 18 ಕೋಟಿ. ಇಲ್ಲಿ ಕೊಟೇಶನ್‌ಗಳ ಪಟ್ಟಿ ಇರುತ್ತದೆ: ಯಂತ್ರದ ಹೆಸರು, ಮಾರುವವರ ಹೆಸರು, ಮೊತ್ತ, ಕೊಟೇಶನ್ ತಾರೀಕು, ಎಷ್ಟು ದಿನದವರೆಗೆ ಅದು ಊರ್ಜಿತ ಎಂಬುದು. ಮೊದಲು ಅವಧಿ ನೋಡಿ. ಇಶ್ಯೂ ತೆರೆಯುವ ಮೊದಲೇ ಕೊಟೇಶನ್ ಮುಗಿದಿದ್ದರೆ ಆ ಬೆಲೆಗೆ ಅರ್ಥವಿಲ್ಲ. ಆಮೇಲೆ ಮಾರುವವರು ಯಾರು ಎಂದು ನೋಡಿ. mca.gov.in ನಲ್ಲಿ ಕಂಪನಿಯ ಹೆಸರು ಹಾಕಿ `Master Data` ತೆರೆದರೆ ಅದು ಯಾವಾಗ ನೋಂದಣಿಯಾಯಿತು, ಪಾವತಿಯಾದ ಬಂಡವಾಳ ಎಷ್ಟು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಎಂದು ಕಾಣುತ್ತದೆ. 18 ಕೋಟಿಯ ಯಂತ್ರ ಪೂರೈಸುವ ಕಂಪನಿಯ ಬಂಡವಾಳ 1 ಲಕ್ಷ, ನೋಂದಣಿ ಹೋದ ವರ್ಷ, ಬ್ಯಾಲೆನ್ಸ್ ಶೀಟ್ ಸಲ್ಲಿಸಿಯೇ ಇಲ್ಲ ಎಂದಾದರೆ ನಿಮಗೆ ಉತ್ತರ ಸಿಕ್ಕಂತೆ. ಮಾರುವವರ ಜಿಎಸ್‌ಟಿ ಸಂಖ್ಯೆ ಸಿಕ್ಕರೆ gst.gov.in ನಲ್ಲಿ `Search Taxpayer` ಮೂಲಕ ಅವರು ರಿಟರ್ನ್ ಸಲ್ಲಿಸುತ್ತಿದ್ದಾರಾ ಎಂದೂ ನೋಡಬಹುದು.

ಇನ್ನೊಂದು ಹೆಜ್ಜೆ ತುಂಬ ಜನಕ್ಕೆ ಗೊತ್ತಿಲ್ಲ. ದಾಖಲೆಯ ಕೊನೆಯ ಭಾಗದಲ್ಲಿ `Material Contracts and Documents for Inspection` ಎಂಬ ಅಧ್ಯಾಯ ಇರುತ್ತದೆ. ಅಲ್ಲಿ ಪಟ್ಟಿ ಮಾಡಿದ ಕಾಗದಗಳನ್ನು ಆರ್‌ಎಚ್‌ಪಿ ತಾರೀಕಿನಿಂದ ಇಶ್ಯೂ ಮುಗಿಯುವ ದಿನದವರೆಗೆ ಕೆಲಸದ ದಿನಗಳಲ್ಲಿ ಕಂಪನಿಯ ನೋಂದಾಯಿತ ಕಚೇರಿಗೆ ಹೋಗಿ ಯಾರು ಬೇಕಾದರೂ ನೋಡಬಹುದು. ಕಂಪನಿ ಹಾಸನದಲ್ಲಿದ್ದರೆ ಇದು ಅರ್ಧ ದಿನದ ಕೆಲಸ. ಹೋಗಿ, ಪಟ್ಟಿಯಲ್ಲಿರುವ ಪ್ರಮಾಣಪತ್ರ, ಕರಾರು ತೋರಿಸಿ ಎಂದು ಕೇಳಿ. ಜೊತೆಗೆ, ಕಾರ್ಖಾನೆಯ ಜಾಗ ಎಂದು ಬರೆದಿರುವಲ್ಲಿಗೆ ಒಂದು ಸುತ್ತು ಹೋಗಿ ಬನ್ನಿ. "ಕಟ್ಟಡ ಪೂರ್ಣಗೊಂಡಿದೆ" ಎಂದು ಬರೆದ ಕಡೆ ಬರೀ ತಂತಿಬೇಲಿ ಇದ್ದರೆ ತಾರೀಕು ಕಾಣುವಂತೆ ಫೋಟೊ ತೆಗೆದುಕೊಳ್ಳಿ.

ಇದೆಲ್ಲ ಅತಿಯಾಯಿತು ಎನಿಸಬಹುದು. ಷೇರುಗಳನ್ನು ಬಿಡಿಯಾಗಿ ಅಲ್ಲ, ಲಾಟ್ ಎಂಬ ಕಟ್ಟುಗಳಲ್ಲಿ ಕೊಡುತ್ತಾರೆ. ಎಸ್‌ಎಂಇ ಇಶ್ಯೂನಲ್ಲಿ ಈಗ ಕನಿಷ್ಠ ಎರಡು ಲಾಟ್‌ಗೆ ಅರ್ಜಿ ಹಾಕಬೇಕು, ಮೊತ್ತ 2 ಲಕ್ಷ ದಾಟುತ್ತದೆ. ಎರಡು ಲಕ್ಷದ ಹಳೇ ಜೀಪ್ ಕೊಳ್ಳುವಾಗ ಆರ್‌ಸಿ ನೋಡದೆ ಕೊಳ್ಳುತ್ತೇವಾ?

ಒಂದು ನಿಜವಾದ ಪ್ರಕರಣ

ಕೊಟೇಶನ್ ನೋಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣ ಟ್ರಾಫಿಕ್‌ಸಾಲ್ ಐಟಿಎಸ್ ಟೆಕ್ನಾಲಜೀಸ್ ಪ್ರಕರಣ. 2024ರ ಸೆಪ್ಟೆಂಬರ್‌ನಲ್ಲಿ ಈ ಕಂಪನಿ ಬಿಎಸ್‌ಇಯ ಎಸ್‌ಎಂಇ ವೇದಿಕೆಯಲ್ಲಿ 44.87 ಕೋಟಿಯ ಇಶ್ಯೂ ತಂದಿತು. ಜನ ಮುಗಿಬಿದ್ದರು. ಸುಮಾರು 345 ಪಟ್ಟು ಅರ್ಜಿ ಬಂತು. ಆ ಹಣದಲ್ಲಿ 17.70 ಕೋಟಿಯಲ್ಲಿ ಒಂದು ಸಾಫ್ಟ್‌ವೇರ್ ಕೊಳ್ಳುವುದಾಗಿ ದಾಖಲೆಯಲ್ಲಿ ಬರೆದಿತ್ತು. ಲಿಸ್ಟಿಂಗ್ ಆಗುವ ಮೊದಲೇ ಆ ಸಾಫ್ಟ್‌ವೇರ್ ಪೂರೈಸುವವರ ಬಗ್ಗೆ ದೂರು ಹೋಯಿತು. ಲಿಸ್ಟಿಂಗ್ ನಿಂತಿತು, ತನಿಖೆ ನಡೆಯಿತು. ಪೂರೈಕೆದಾರರು ಹೆಸರಿಗಷ್ಟೇ ಇರುವ ಕಂಪನಿ ಎಂದು ಸೆಬಿ ಆದೇಶದಲ್ಲಿ ಬರೆಯಿತು. 2024ರ ಡಿಸೆಂಬರ್‌ನಲ್ಲಿ ಷೇರು ರದ್ದು ಮಾಡಿ ಎಲ್ಲರ ಹಣ ವಾಪಸ್ ಕೊಡಲು ಹೇಳಿತು.

ಇದರಲ್ಲಿ ಎರಡು ವಿಷಯ ಗಮನಿಸಿ. 345 ಪಟ್ಟು ಅರ್ಜಿ ಬಂದದ್ದು ದಾಖಲೆ ಸರಿ ಇತ್ತು ಎಂಬುದಕ್ಕೆ ಸಾಕ್ಷಿ ಆಗಲಿಲ್ಲ. ಇನ್ನೊಂದು, ಹಣ ವಾಪಸ್ ಬಂದದ್ದು ದೂರು ಲಿಸ್ಟಿಂಗ್‌ಗೆ ಮೊದಲೇ ಹೋಗಿದ್ದರಿಂದ. ಆಗ ಹಣ ಕಂಪನಿ ಕೈಗೆ ಪೂರ್ತಿ ಸೇರಿರಲಿಲ್ಲ, ಷೇರು ಮಾರುಕಟ್ಟೆಯಲ್ಲಿ ಕೈ ಬದಲಾಯಿಸಿರಲಿಲ್ಲ. ಈಗ ಇಶ್ಯೂ ಮುಗಿದ ಮೂರು ಕೆಲಸದ ದಿನಗಳಲ್ಲಿ ಲಿಸ್ಟಿಂಗ್ ಆಗುತ್ತದೆ. ಅಂದರೆ ದೂರು ಕೊಡಲು ನಿಮ್ಮ ಕೈಯಲ್ಲಿರುವ ಒಳ್ಳೆಯ ಸಮಯ ಬಹಳ ಚಿಕ್ಕದು. ದೊಡ್ಡ ಕಂಪನಿಗಳು ಬರುವ ಮುಖ್ಯ ವೇದಿಕೆಯ ಇಶ್ಯೂನಲ್ಲಿ 2 ಲಕ್ಷದೊಳಗೆ ಅರ್ಜಿ ಹಾಕಿದ ಸಣ್ಣ ಹೂಡಿಕೆದಾರರು ಇಶ್ಯೂ ಮುಚ್ಚುವವರೆಗೆ ಅರ್ಜಿ ಹಿಂದಕ್ಕೆ ಪಡೆಯಬಹುದು. ಎಸ್‌ಎಂಇ ಇಶ್ಯೂನಲ್ಲಿ ಆ ದಾರಿ ನೆಚ್ಚಿಕೊಂಡು ಅರ್ಜಿ ಹಾಕಬೇಡಿ, ಓದಿ ಮುಗಿಸಿಯೇ ಹಾಕಿ.

ಸುಳ್ಳು ಎಂದರೆ ಏನು, ಯಾವುದು ಅಲ್ಲ

ಬರೆದದ್ದು ಸುಳ್ಳಾಗಿದ್ದರೆ ಮಾತ್ರ ತಪ್ಪು ಎಂದು ತಿಳಿಯಬೇಡಿ. ಬರೆಯಬೇಕಾದ್ದನ್ನು ಬಿಟ್ಟು ದಾರಿ ತಪ್ಪಿಸಿದರೂ ಕಂಪನಿ ಕಾಯ್ದೆಯ 34 ಮತ್ತು 35ನೇ ಕಲಂಗಳಲ್ಲಿ ಹೊಣೆ ಬರುತ್ತದೆ. ಇದಕ್ಕೆ ಹಳೆಯ ಉದಾಹರಣೆ ಲಂಡನ್ನಿನದು. ರಾಯಲ್ ಮೇಲ್ ಹಡಗು ಕಂಪನಿ 1928ರಲ್ಲಿ ತಂದ ಪ್ರಾಸ್ಪೆಕ್ಟಸ್‌ನಲ್ಲಿ ಹಿಂದಿನ ವರ್ಷಗಳ ಲಾಭಾಂಶದ ವಿವರ ಸರಿಯಾಗಿಯೇ ಇತ್ತು. ಆದರೆ ಆ ಲಾಭಾಂಶ ಕೊಟ್ಟದ್ದು ಆಯಾ ವರ್ಷದ ದುಡಿಮೆಯಿಂದಲ್ಲ, ಯುದ್ಧಕಾಲದಲ್ಲಿ ಕೂಡಿಟ್ಟಿದ್ದ ಗುಪ್ತ ನಿಧಿಯಿಂದ. ಅದನ್ನು ಹೇಳಲಿಲ್ಲ. ಕಂಪನಿಯ ಮುಖ್ಯಸ್ಥ ಲಾರ್ಡ್ ಕಿಲ್‌ಸಂಟ್‌ಗೆ 1931ರಲ್ಲಿ 12 ತಿಂಗಳ ಜೈಲಾಯಿತು. ಒಂದೊಂದೇ ವಾಕ್ಯ ನಿಜವಾಗಿದ್ದೂ ಒಟ್ಟು ದಾಖಲೆ ಸುಳ್ಳಾಗಬಹುದು ಎಂದು ಆ ಪ್ರಕರಣ ತೋರಿಸಿತು.

ನಮ್ಮ ಕಾಫಿ ಕಂಪನಿಯಲ್ಲಿ ಇದು ಹೀಗೆ ಬರಬಹುದು. ಮೂರು ವರ್ಷದಲ್ಲಿ ಲಾಭ 2 ಕೋಟಿಯಿಂದ 5 ಕೋಟಿಗೆ ಏರಿದೆ ಎಂದು ದೊಡ್ಡ ಅಕ್ಷರದಲ್ಲಿ ಇದೆ. ನಿಜವೇ. ಆದರೆ ಕೊನೆಯ ವರ್ಷದ 5 ಕೋಟಿಯಲ್ಲಿ 3 ಕೋಟಿ ಬಂದದ್ದು ಹಳೆಯ ಗೋದಾಮಿನ ಜಾಗ ಮಾರಿದ್ದರಿಂದ. ಅದು ಎಲ್ಲೂ ಬರೆದಿಲ್ಲ ಎಂದಾದರೆ ಅದು ಬಿಟ್ಟು ತಪ್ಪಿಸಿದ ಸುಳ್ಳು. ಲೆಕ್ಕಪತ್ರದ ಟಿಪ್ಪಣಿಯಲ್ಲಿ "ಇತರೆ ಆದಾಯ" ಎಂದು ಸರಿಯಾಗಿ ಬಿಡಿಸಿ ಬರೆದಿದ್ದರೆ, ನಾವು ಓದದಿದ್ದದ್ದಕ್ಕೆ ಅವರನ್ನು ಹಿಡಿಯುವುದು ಕಷ್ಟ.

ಅಪಾಯಗಳ ಅಧ್ಯಾಯದ ಕೆಲಸವೂ ಇದೇ. "ಯಂತ್ರಗಳಿಗೆ ಇನ್ನೂ ಆರ್ಡರ್ ಕೊಟ್ಟಿಲ್ಲ, ಬೆಲೆ ಏರಬಹುದು" ಎಂದು ಅಲ್ಲಿ ಬರೆದಿದ್ದರೆ, ನಾಳೆ ಯಂತ್ರ ತಡವಾಯಿತು ಎಂದು ದೂರುವಂತಿಲ್ಲ. ಹೇಳಿಯೇ ಮಾರಿದ್ದಾರೆ. ಆದರೆ ಇಲ್ಲದ ಪೂರೈಕೆದಾರರನ್ನು ಇದ್ದಾರೆ ಎಂದು ತೋರಿಸಿದ ಸುಳ್ಳನ್ನು ಆ ಎಚ್ಚರಿಕೆಯ ಮಾತು ಮುಚ್ಚುವುದಿಲ್ಲ.

ಬೆಲೆ ಬಿದ್ದ ಮಾತ್ರಕ್ಕೆ ಮೋಸ ಆಗಿದೆ ಎಂದೂ ಅಲ್ಲ. 2015ರಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್ 328 ರೂಪಾಯಿಗೆ ಷೇರು ಕೊಟ್ಟದ್ದು ಚಿಕ್ಕಮಗಳೂರಿನವರಿಗೆ ನೆನಪಿರುತ್ತದೆ. ಲಿಸ್ಟಿಂಗ್ ದಿನವೇ ಅದು ಅದಕ್ಕಿಂತ ಕೆಳಗೆ ಮುಚ್ಚಿತು. ಮಾರುಕಟ್ಟೆ ಆ ಬೆಲೆ ಒಪ್ಪಲಿಲ್ಲ ಎಂದಷ್ಟೇ ಅದರ ಅರ್ಥ. ಪ್ರಾಸ್ಪೆಕ್ಟಸ್ ಹೊಣೆ ಬರುವುದು ಆ ದಾಖಲೆ ಹೊರಬಂದ ದಿನ ಬರೆದದ್ದು ಸುಳ್ಳಾಗಿದ್ದರೆ ಅಥವಾ ಮುಚ್ಚಿಟ್ಟದ್ದು ಇದ್ದರೆ. ಆಮೇಲೆ ಕಂಪನಿ ಮನಸ್ಸು ಬದಲಾಯಿಸಿ ಯಂತ್ರದ ಹಣವನ್ನು ಬೇರೆ ಕಡೆ ಹಾಕಲು ಹೊರಟರೆ ಅದು 27ನೇ ಕಲಂ ವಿಷಯ. ಆಗ ವಿಶೇಷ ನಿರ್ಣಯ ಬೇಕು, ಒಪ್ಪದ ಷೇರುದಾರರಿಗೆ ಹೊರಬರುವ ದಾರಿ ಕೊಡಬೇಕು. ಆ ಸೂಚನೆ ಇಂಗ್ಲಿಷ್ ಪತ್ರಿಕೆಯಲ್ಲೂ ಕಚೇರಿ ಇರುವ ಊರಿನ ಭಾಷೆಯ ಪತ್ರಿಕೆಯಲ್ಲೂ ಬರಬೇಕು. ಹಾಸನದ ಕಂಪನಿಯಾದರೆ ಕನ್ನಡದಲ್ಲೇ ಓದಲು ಸಿಗುತ್ತದೆ.

ಅರ್ಜಿ ಹಾಕುವ ದಿನವೇ ಎತ್ತಿಡಬೇಕಾದ್ದು

ನಷ್ಟ ಕೇಳಲು ಮೂರು ಕೊಂಡಿ ಜೋಡಿಸಬೇಕು. ಬರೆದದ್ದು ದಾರಿ ತಪ್ಪಿಸುವಂತಿತ್ತು. ಅದನ್ನು ನಂಬಿ ನಾನು ಹಣ ಹಾಕಿದೆ. ಅದರಿಂದಲೇ ನನಗೆ ನಷ್ಟವಾಯಿತು. ಹೆಚ್ಚಿನವರು ಸೋಲುವುದು ಎರಡನೆಯ ಕೊಂಡಿಯಲ್ಲಿ. ಏಜೆಂಟರ ವಾಟ್ಸಾಪ್ ನೋಡಿ ಹಾಕಿದವರು ಪ್ರಾಸ್ಪೆಕ್ಟಸ್ ನಂಬಿದೆ ಎಂದು ಹೇಗೆ ಹೇಳುತ್ತಾರೆ?

ಹಾಗಾಗಿ ಆರ್‌ಎಚ್‌ಪಿ ಡೌನ್‌ಲೋಡ್ ಮಾಡಿ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಜೊತೆಗೆ ನಾಲ್ಕು ಸಾಲು ಕನ್ನಡದಲ್ಲೇ ಬರೆಯಿರಿ: ಇಂಥ ಪುಟದಲ್ಲಿ ಯಂತ್ರಕ್ಕೆ 18 ಕೋಟಿ, ಇಂಥ ಪೂರೈಕೆದಾರರು ಎಂದಿದೆ, ಇದನ್ನು ನೋಡಿ ಅರ್ಜಿ ಹಾಕುತ್ತಿದ್ದೇನೆ. ಆ ಇಮೇಲ್‌ನ ತಾರೀಕೇ ನಿಮ್ಮ ಸಾಕ್ಷಿ. ಅರ್ಜಿಯ ಪ್ರತಿ, ಬ್ಯಾಂಕಿನಲ್ಲಿ ಹಣ ತಡೆಹಿಡಿದ ಸಂದೇಶ, ಷೇರು ಹಂಚಿಕೆಯಾಗಿದೆ ಎಂದು ತಿಳಿಸುವ ಅಲಾಟ್‌ಮೆಂಟ್ ಸೂಚನೆ, ಡಿಮ್ಯಾಟ್ ಪಟ್ಟಿ ಇವನ್ನೂ ಅದೇ ಕಡೆ ಇಡಿ. ಏಜೆಂಟರ ಸಂದೇಶಗಳನ್ನು ಅಳಿಸಬೇಡಿ. ಅವು ಪ್ರಾಸ್ಪೆಕ್ಟಸ್ ಅಲ್ಲದಿದ್ದರೂ, ಸುಳ್ಳು ಭರವಸೆ ಕೊಟ್ಟು ಹಣ ಹಾಕಿಸುವುದು 36ನೇ ಕಲಂನಲ್ಲಿ ಬೇರೆಯೇ ಅಪರಾಧ.

ಒಂದು ಮಿತಿ ಗೊತ್ತಿರಲಿ. 35ನೇ ಕಲಂ ಮಾತಾಡುವುದು ಇಶ್ಯೂನಲ್ಲೇ ಷೇರು ಪಡೆದವರ ಬಗ್ಗೆ. ಅಲಾಟ್‌ಮೆಂಟ್ ಸಿಗದೆ ಲಿಸ್ಟಿಂಗ್ ದಿನ ಮಾರುಕಟ್ಟೆಯಲ್ಲಿ ಕೊಂಡವರಿಗೆ ಆ ದಾರಿ ಕಷ್ಟ. ಅವರು ಸೆಬಿಯ ಮೋಸ ತಡೆ ನಿಯಮಗಳ ಕಡೆ ನೋಡಬೇಕಾಗುತ್ತದೆ.

ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು

35ನೇ ಕಲಂ ಪ್ರಕಾರ ನಷ್ಟ ತುಂಬಿಕೊಡಬೇಕಾದವರು ಕಂಪನಿ ಮಾತ್ರ ಅಲ್ಲ. ಪ್ರಾಸ್ಪೆಕ್ಟಸ್ ಹೊರಬಂದಾಗ ಇದ್ದ ಪ್ರತಿ ನಿರ್ದೇಶಕರು, ಪ್ರವರ್ತಕರು, ಅದನ್ನು ಹೊರಡಿಸಲು ಒಪ್ಪಿಗೆ ಕೊಟ್ಟವರು, ಪ್ರಮಾಣಪತ್ರ ಕೊಟ್ಟ ತಜ್ಞರು ಎಲ್ಲರೂ ಸೇರುತ್ತಾರೆ. ದಾಖಲೆಯ ಕೊನೆಯ `Declaration` ಪುಟದಲ್ಲಿ ಸಹಿ ಮಾಡಿದವರ ಹೆಸರು ಸಾಲಾಗಿ ಇರುತ್ತದೆ. ನಿರ್ದೇಶಕರು ತಪ್ಪಿಸಿಕೊಳ್ಳಬಹುದಾದ ದಾರಿ ಕಡಿಮೆ. ಹೊರಬರುವ ಮೊದಲೇ ಒಪ್ಪಿಗೆ ಹಿಂದಕ್ಕೆ ಪಡೆದಿದ್ದೆ ಎಂದೋ, ನನಗೆ ಗೊತ್ತಿಲ್ಲದೆ ಹೊರಡಿಸಿದರು, ಗೊತ್ತಾದ ಕೂಡಲೇ ಸಾರ್ವಜನಿಕವಾಗಿ ತಿಳಿಸಿದೆ ಎಂದೋ ಅವರೇ ತೋರಿಸಬೇಕು. ತಜ್ಞರ ಮಾತನ್ನು ನಂಬಲು ತಕ್ಕ ಕಾರಣ ಇತ್ತು ಎಂದೂ ವಾದಿಸಬಹುದು. ಮೋಸ ಮಾಡುವ ಉದ್ದೇಶವೇ ಇತ್ತು ಎಂದು ಸಾಬೀತಾದರೆ ಅವರ ಸ್ವಂತ ಆಸ್ತಿಗೂ ಮಿತಿಯಿಲ್ಲದ ಹೊಣೆ ಬರುತ್ತದೆ.

34ನೇ ಕಲಂ ಜೈಲಿನದು. ಶಿಕ್ಷೆ 447ನೇ ಕಲಂ ಪ್ರಕಾರ. ದೊಡ್ಡ ಮೊತ್ತದ ವಂಚನೆಗೆ ಕನಿಷ್ಠ 6 ತಿಂಗಳಿಂದ 10 ವರ್ಷದವರೆಗೆ ಜೈಲು, ವಂಚಿಸಿದ ಮೊತ್ತದಷ್ಟರಿಂದ ಅದರ ಮೂರು ಪಟ್ಟಿನವರೆಗೆ ದಂಡ. ಆದರೆ ಈ ಮೊಕದ್ದಮೆಯನ್ನು ನೀವೇ ವಿಶೇಷ ನ್ಯಾಯಾಲಯದಲ್ಲಿ ಹೂಡಲು ಆಗುವುದಿಲ್ಲ. ಗಂಭೀರ ವಂಚನೆ ತನಿಖಾ ಕಚೇರಿಯ ನಿರ್ದೇಶಕರು ಅಥವಾ ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯೇ ದೂರು ಸಲ್ಲಿಸಬೇಕು. ಬೆಂಗಳೂರಿನಲ್ಲಿರುವ ಕಂಪನಿಗಳ ರಿಜಿಸ್ಟ್ರಾರ್‌ಗೆ ದಾಖಲೆ ಸಮೇತ ಬರೆದು ತನಿಖೆ ಕೇಳುವುದು ನಿಮ್ಮ ಪಾಲಿನ ಹೆಜ್ಜೆ.

ಕ್ರಮ ಹೀಗಿಟ್ಟುಕೊಳ್ಳಿ. ಲಿಸ್ಟಿಂಗ್‌ಗೆ ಮೊದಲೇ ಗೊತ್ತಾದರೆ ಅದೇ ದಿನ ವಿನಿಮಯ ಕೇಂದ್ರ, ಮರ್ಚೆಂಟ್ ಬ್ಯಾಂಕರ್, ಸೆಬಿ ಮೂವರಿಗೂ ಇಮೇಲ್ ಕಳಿಸಿ. ಸಿಟ್ಟಿನ ಮಾತು ಬೇಡ. ಪುಟ ಸಂಖ್ಯೆ, ಅಲ್ಲಿ ಬರೆದದ್ದು, ನೀವು ಕಂಡದ್ದು, ಫೋಟೊ ಇಷ್ಟಿದ್ದರೆ ಸಾಕು. ಲಿಸ್ಟಿಂಗ್ ಆದ ಮೇಲಾದರೆ scores.sebi.gov.in ನಲ್ಲಿ ದೂರು ಹಾಕಿ. ಘಟನೆ ನಡೆದ ಒಂದು ವರ್ಷದೊಳಗೆ ಹಾಕಬೇಕು. ಕಂಪನಿ 21 ದಿನದಲ್ಲಿ ಉತ್ತರ ಕೊಡಬೇಕು. ಅಲ್ಲಿ ನಷ್ಟದ ಹಣ ಸಿಗುತ್ತದೆ ಎಂದು ಕಾಯಬೇಡಿ. ಅದರಿಂದ ಸಿಗುವುದು ಕಂಪನಿಯ ಲಿಖಿತ ಉತ್ತರ. ಆ ಉತ್ತರದಲ್ಲಿ ಅವರು ಒಪ್ಪಿಕೊಳ್ಳುವ ಅಥವಾ ತಿರುಚುವ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ನಷ್ಟದ ಹಣಕ್ಕೆ 37ನೇ ಕಲಂ ಉಪಯೋಗಕ್ಕೆ ಬರುತ್ತದೆ. ಒಬ್ಬರಾಗಲಿ, ಗುಂಪಾಗಲಿ, ಸಂಘವಾಗಲಿ ದಾವೆ ಹೂಡಬಹುದು. ಲಿಸ್ಟ್ ಆದ ಕಂಪನಿಯಾದರೆ 100 ಷೇರುದಾರರು ಅಥವಾ ಒಟ್ಟು ಷೇರುದಾರರಲ್ಲಿ ಶೇ. 5, ಯಾವುದು ಕಡಿಮೆಯೋ ಅಷ್ಟು ಜನ ಸೇರಿ 245ನೇ ಕಲಂ ಅಡಿ ಕಂಪನಿ ಕಾನೂನು ನ್ಯಾಯಮಂಡಳಿಗೂ ಹೋಗಬಹುದು. ಕರ್ನಾಟಕಕ್ಕೆ ಅದರ ಪೀಠ ಬೆಂಗಳೂರಿನಲ್ಲಿದೆ. ಒಬ್ಬರ ಎರಡು ಲಕ್ಷಕ್ಕೆ ವಕೀಲರ ಖರ್ಚು ಹೊಂದುವುದಿಲ್ಲ, ಗುಂಪು ಸೇರುವುದೇ ಮೇಲು. ಯಾವ ಪರಿಹಾರ ಎಲ್ಲಿ ಕೇಳಬೇಕು ಎಂಬುದನ್ನು ಈ ಹಂತದಲ್ಲಿ ಕಂಪನಿ ಕಾನೂನು ಬಲ್ಲ ವಕೀಲರ ಜೊತೆ ಕೂತು ತೀರ್ಮಾನಿಸಿ.

ನಷ್ಟದ ಲೆಕ್ಕ

ನಮ್ಮ ಕಾಫಿ ಕಂಪನಿಯ ಷೇರು 100 ರೂಪಾಯಿ, ಲಾಟ್ 1,200 ಷೇರು ಎಂದುಕೊಳ್ಳಿ. ಎರಡು ಲಾಟ್‌ಗೆ ನೀವು ಹಾಕಿದ್ದು 2,40,000. ಲಿಸ್ಟಿಂಗ್ ಆಗಿ ಕೆಲವು ತಿಂಗಳಲ್ಲಿ ಹಸಿ ಕಾಫಿ ಬೆಲೆ ಏರಿ, ಪುಡಿ ಕಂಪನಿಗಳ ಷೇರೆಲ್ಲ ಇಳಿದವು. ನಿಮ್ಮದು 92ಕ್ಕೆ ಬಂತು. ಆಮೇಲೆ ಯಂತ್ರದ ಪೂರೈಕೆದಾರರು ನಕಲಿ ಎಂಬ ಸುದ್ದಿ ಹೊರಬಂದು ಕೆಲವೇ ದಿನದಲ್ಲಿ 55ಕ್ಕೆ ಬಿತ್ತು.

ಒಟ್ಟು ನಷ್ಟ ಷೇರಿಗೆ 45ರಂತೆ 1,08,000. ಎಲ್ಲವನ್ನೂ ಸುಳ್ಳಿನ ತಲೆಗೆ ಕಟ್ಟಿದರೆ ಎದುರು ವಕೀಲರು ಮೊದಲ ದಿನವೇ ಅದನ್ನು ಒಡೆಯುತ್ತಾರೆ. 100ರಿಂದ 92ಕ್ಕೆ ಇಳಿದ 8 ರೂಪಾಯಿ, ಅಂದರೆ 19,200, ಕಾಫಿ ಬೆಲೆಯದು. ಸುದ್ದಿ ಬಂದ ಮೇಲಿನ 37 ರೂಪಾಯಿ, ಅಂದರೆ 88,800, ಸುಳ್ಳಿಗೆ ನೇರವಾಗಿ ಅಂಟುತ್ತದೆ. ಕೋರ್ಟ್ ಇದೇ ಲೆಕ್ಕ ಒಪ್ಪುತ್ತದೆ ಎಂದಲ್ಲ. ಪೂರೈಕೆದಾರರು ನಕಲಿ ಎಂದು ಮೊದಲೇ ಗೊತ್ತಿದ್ದರೆ ಷೇರು ಕೊಳ್ಳುತ್ತಲೇ ಇರಲಿಲ್ಲ, ಪೂರ್ತಿ ನಷ್ಟ ಕೊಡಿ ಎಂದು ವಾದಿಸಲೂ ಜಾಗ ಇದೆ. ಆದರೆ ಸುದ್ದಿಗೆ ಮೊದಲಿನ ದಿನದ ಬೆಲೆ, ನಂತರದ ಬೆಲೆ, ಅದೇ ದಿನಗಳಲ್ಲಿ ಬೇರೆ ಕಾಫಿ ಕಂಪನಿಗಳ ಬೆಲೆ ಈ ಮೂರನ್ನು ಬರೆದಿಟ್ಟುಕೊಂಡು ಹೋದವರ ಮಾತಿಗೆ ತೂಕ ಬರುತ್ತದೆ.

ಕಾಲಮಿತಿ ಮರೆಯಬೇಡಿ. ಇಂಥ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. ವಂಚನೆ ಮುಚ್ಚಿಟ್ಟಿದ್ದರೆ ಅದು ನಿಮಗೆ ಗೊತ್ತಾದ ದಿನದಿಂದ, ಅಥವಾ ಸರಿಯಾಗಿ ಗಮನಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಎಣಿಸುತ್ತಾರೆ. ಸೆಬಿ ತನಿಖೆ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂತರೆ ಆ ಮೂರು ವರ್ಷ ತನಿಖೆಯಲ್ಲೇ ಕಳೆದುಹೋಗಬಹುದು. ಸುದ್ದಿ ಬಂದ ದಿನದ ಪತ್ರಿಕೆಯನ್ನು ಅದೇ ಫೈಲಿನಲ್ಲಿ ಸೇರಿಸಿ, ಮೇಲೆ ತಾರೀಕು ಬರೆದಿಡಿ.